ಟೊಂಗೆಗೆ ಹೆಸರು ಬೇಡ, ಪ್ರಶ್ನೆ ಇರಲಿ

(ಬೈಲಹೊಂಗಲದಲ್ಲಿ ಹತ್ತನೇ ತರಗತಿಯ ಮಕ್ಕಳಿಗೂ ಅವರ ಪಾಲಕರಿಗೂ ಮಾಡಿದ ಉಪನ್ಯಾಸದ ಬರಹ ರೂಪ. ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದೆ.)

ನಿಮ್ಮಲ್ಲಿ ಬಹಳ ಮಂದಿ ಈಗಾಗಲೇ ಮೈಂಡ್ ಮ್ಯಾಪ್ ಬರೆದಿದ್ದೀರಿ. ಈಗ ಮುಂದಿನ ಸಾಲಿನವರು ತಂದು ತೋರಿಸಿದ್ದನ್ನೂ ನೋಡಿದೆ. ಚೆಂದ ಇವೆ. ಹಾಳೆಯ ನಡುವೆ ಒಂದು ಗುಂಡು, ಅದರೊಳಗೆ ಪಾಠದ ಹೆಸರು. ಸುತ್ತ ಏಳೆಂಟು ಟೊಂಗೆ. ಒಂದರ ಮೇಲೆ ಧೋಂಡಿಯಾ ವಾಘ್, ಇನ್ನೊಂದರ ಮೇಲೆ ಚೆನ್ನಮ್ಮ, ಮತ್ತೊಂದರ ಮೇಲೆ ರಾಯಣ್ಣ, ಹೀಗೆ. ಒಬ್ಬೊಬ್ಬರಿಗೂ ಒಂದೊಂದು ಬಣ್ಣ.

ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಇದರಲ್ಲಿ ಪಾಠದ ಪುಸ್ತಕದಲ್ಲಿ ಇಲ್ಲದ್ದು ಏನಿದೆ? ಪುಸ್ತಕದಲ್ಲಿ ಆ ಹೆಸರುಗಳು ಒಂದರ ಕೆಳಗೆ ಒಂದು ದಪ್ಪ ಅಕ್ಷರದಲ್ಲಿವೆ. ನೀವು ಅವನ್ನೇ ಗುಂಡಗೆ ಜೋಡಿಸಿದ್ದೀರಿ. ಕೈಗೆ ಕೆಲಸ ಆಯಿತು, ತಲೆಗೆ ಆಗಲಿಲ್ಲ.

ಇದರಿಂದ ಏನು ತೊಂದರೆ ಅಂತ ಉತ್ತರ ಪತ್ರಿಕೆ ತಿದ್ದುವವರನ್ನು ಕೇಳಿ. ಕರ್ನಾಟಕದಲ್ಲಿ ಬ್ರಿಟಿಷರ ವಿರುದ್ಧ ನಡೆದ ಹೋರಾಟಗಳ ಪಾಠದಲ್ಲಿ ಮಕ್ಕಳು ಬರೆಯುವ ಉತ್ತರ ಹೆಚ್ಚುಕಡಿಮೆ ಹೀಗಿರುತ್ತದೆ: ‘ಇವರು ಬ್ರಿಟಿಷರ ವಿರುದ್ಧ ಧೈರ್ಯದಿಂದ ಹೋರಾಡಿದರು. ಸೈನ್ಯ ಕಟ್ಟಿದರು. ಕೊನೆಗೆ ಮೋಸದಿಂದ ಸೆರೆ ಸಿಕ್ಕರು. ಇವರನ್ನು ಗಲ್ಲಿಗೇರಿಸಲಾಯಿತು.’ ಮೇಲಿನ ಹೆಸರನ್ನು ಬೆರಳಿನಿಂದ ಮುಚ್ಚಿ ಓದಿ. ಇದು ರಾಯಣ್ಣನ ಬಗ್ಗೆಯೋ, ಅಮರ ಸುಳ್ಯದ ಪುಟ್ಟಬಸಪ್ಪನ ಬಗ್ಗೆಯೋ, ಹಲಗಲಿಯ ಜಡಗನ ಬಗ್ಗೆಯೋ? ಹೇಳೋಕೆ ಆಗಲ್ಲ ಅಲ್ವಾ? ಹೆಸರಿನ ಟೊಂಗೆ ಮಾಡಿದರೆ ಹೀಗೇ ಆಗುತ್ತದೆ. ಪ್ರತಿಯೊಬ್ಬರೂ ಬೇರೆ ಬೇರೆ ಟೊಂಗೆಯಲ್ಲಿ ಇರೋದರಿಂದ ಒಬ್ಬರ ಪಕ್ಕ ಇನ್ನೊಬ್ಬರನ್ನು ಇಟ್ಟು ನೋಡುವ ಸಂದರ್ಭವೇ ಬರುವುದಿಲ್ಲ. ಪಕ್ಕ ಪಕ್ಕ ಇಡದೆ ವ್ಯತ್ಯಾಸ ಕಾಣುವುದಿಲ್ಲ.

ಹಾಗಾಗಿ ಇವತ್ತು ಇದೊಂದೇ ಪಾಠ ತಗೊಂಡು, ಟೊಂಗೆಗಳನ್ನು ಹೆಸರಿನ ಬದಲು ವಿಷಯದ ಪ್ರಕಾರ ಕಟ್ಟಿ ನೋಡೋಣ. ಈ ಪಾಠವನ್ನೇ ಆರಿಸಿದ್ದಕ್ಕೆ ಕಾರಣ ಇದೆ. ನೀವು ಕುಳಿತಿರುವ ಈ ಊರಿನಲ್ಲೇ ಚೆನ್ನಮ್ಮ ಸೆರೆಯಲ್ಲಿದ್ದದ್ದು. ಸಂಗೊಳ್ಳಿ ಇದೇ ತಾಲೂಕು. ಕಿತ್ತೂರು, ನಂದಗಡ ದೂರ ಇಲ್ಲ. ಹಲಗಲಿ ಪಕ್ಕದ ಬಾಗಲಕೋಟೆ ಜಿಲ್ಲೆ. ಊರು ಗೊತ್ತಿದ್ದರೆ ನೆನಪಿಗೆ ಒಂದು ಹಿಡಿಕೆ ಸಿಗುತ್ತದೆ. ಅದನ್ನು ಆಮೇಲೆ ಬಳಸುತ್ತೇವೆ.

ಮೊದಲು ಹಾಳೆ ಅಡ್ಡಕ್ಕೆ ಇಟ್ಟುಕೊಳ್ಳಿ. ನೋಟ್‌ಬುಕ್‌ನ ಎದುರುಬದುರು ಎರಡು ಪುಟ ಆದರೂ ಸಾಕು. ಡ್ರಾಯಿಂಗ್ ಹಾಳೆ ಬೇಕೇ ಬೇಕು ಅಂತೇನಿಲ್ಲ.

ನಡುವೆ ಪಾಠದ ಹೆಸರು ಬರೆಯಬೇಡಿ. ಪ್ರಶ್ನೆ ಬರೆಯಿರಿ. ನಾನು ಬೋರ್ಡಿನ ಮೇಲೆ ಬರೆದದ್ದು ಇದು: ‘1800ರಿಂದ 1858: ಯಾಕೆ ಎದ್ದರು, ಹೇಗೆ ಸೋತರು?’

ಹೈದರ್ ಅಲಿ, ಟಿಪ್ಪು ಎಲ್ಲಿ ಹೋದರು ಅಂತ ಕೇಳ್ತೀರಿ. ಪಾಠದಲ್ಲಿ ಇದ್ದಾರೆ, ಹೌದು. ಆದರೆ ಅವರನ್ನು ಈ ಹಾಳೆಗೆ ತರಬೇಡಿ. ನಾಲ್ಕು ಮೈಸೂರು ಯುದ್ಧಗಳು ಒಂದು ರಾಜ್ಯಕ್ಕೂ ಕಂಪನಿಗೂ ನಡೆದವು. ಅಲ್ಲಿ ಒಪ್ಪಂದಗಳಿವೆ, ಮರಾಠರು ನಿಜಾಮರು ಆ ಕಡೆ ಈ ಕಡೆ ಆಗೋದಿದೆ. ಅದಕ್ಕೆ ಕೇಳಬೇಕಾದ ಪ್ರಶ್ನೆಗಳೇ ಬೇರೆ. ಅದಕ್ಕೆ ಇನ್ನೊಂದು ಹಾಳೆ ಮಾಡಿ. ಈ ಹಾಳೆಯ ಅಂಚಿನಲ್ಲಿ ‘1799, ಶ್ರೀರಂಗಪಟ್ಟಣ ಬಿತ್ತು’ ಅಂತ ಬರೆದು ಒಂದು ಬಾಣ ಒಳಗೆ ಬಿಡಿ. ಅಷ್ಟು ಸಾಕು. ಒಂದೇ ಪಾಠ ಅಂದಮಾತ್ರಕ್ಕೆ ಒಂದೇ ಹಾಳೆಯಲ್ಲಿ ತುರುಕಬೇಕು ಅಂತ ಯಾರೂ ಹೇಳಿಲ್ಲ.

ಈಗ ಟೊಂಗೆ. ನಾಲ್ಕೇ ನಾಲ್ಕು. ಒಂದು, ಏನು ಕಳೆದುಕೊಂಡರು. ಎರಡು, ಯಾರು ಜೊತೆಗೆ ನಿಂತರು. ಮೂರು, ಹೇಗೆ ಹೋರಾಡಿದರು. ನಾಲ್ಕು, ಹೇಗೆ ಮುಗಿಯಿತು.

ಮೊದಲನೆಯದನ್ನು ಗಮನಿಸಿ. ‘ಕಾರಣಗಳು’ ಅಂತ ಬರೆದಿಲ್ಲ. ‘ಕಾರಣಗಳು’ ಅಂತ ಬರೆದರೆ ‘ಬ್ರಿಟಿಷರ ದಬ್ಬಾಳಿಕೆ’ ಅಂತ ಒಂದು ಸಾಲು ಹಾಕಿ ಕೈ ತೊಳೆದುಕೊಳ್ಳುತ್ತೀರಿ. ‘ಏನು ಕಳೆದುಕೊಂಡರು’ ಅಂದರೆ ಹಾಗೆ ತಪ್ಪಿಸಿಕೊಳ್ಳೋಕೆ ಆಗಲ್ಲ. ಒಂದು ವಸ್ತುವಿನ ಹೆಸರು ಹೇಳಲೇಬೇಕು.

ಹೇಳಿ ನೋಡೋಣ. ಧೋಂಡಿಯಾ ವಾಘ್ ಕಳೆದುಕೊಂಡದ್ದು ಏನು? ಅವನಿಗೆ ರಾಜ್ಯ ಇರಲಿಲ್ಲ. ಚನ್ನಗಿರಿಯವನು, ಹೈದರನ ಸೈನ್ಯದಲ್ಲಿದ್ದವನು, ಟಿಪ್ಪು ಅವನನ್ನು ಸೆರೆಯಲ್ಲಿಟ್ಟಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬಿಡುಗಡೆ ಆಯಿತು. ಅದೇ ಹೊತ್ತಿಗೆ ಟಿಪ್ಪುವಿನ ಸೈನಿಕರು ಕೆಲಸ ಕಳೆದುಕೊಂಡು ಬೀದಿಗೆ ಬಂದಿದ್ದರು. ಅವರನ್ನೇ ಸೇರಿಸಿ ದಂಡು ಕಟ್ಟಿದ. ಹಾಗಾದರೆ ಇಲ್ಲಿ ಕಳೆದುಹೋದದ್ದು ಕೆಲಸ, ಸಂಬಳ. ‘ನೌಕರಿ’ ಅಂತ ಒಂದು ಚಿಕ್ಕ ಟೊಂಗೆ ಬಿಡಿಸಿ, ತುದಿಗೆ ‘ಧೋಂಡಿಯಾ, 1800’ ಅಂತ ಬರೆಯಿರಿ.

ಕಿತ್ತೂರು? ಇದು ನಿಮಗೆಲ್ಲ ಗೊತ್ತು. ಗದ್ದಿ. 1824ರಲ್ಲಿ ಶಿವಲಿಂಗರುದ್ರ ಸರ್ಜ ತೀರಿಕೊಂಡ. ಮಕ್ಕಳಿಲ್ಲ. ಶಿವಲಿಂಗಪ್ಪ ಎಂಬ ಹುಡುಗನನ್ನು ದತ್ತು ತೆಗೆದುಕೊಂಡಿದ್ದರು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ, ಕಿತ್ತೂರಿನ ಖಜಾನೆಗೆ ಮೊಹರು ಹಾಕಿಸಿದ. ಹಾಗಾಗಿ ‘ಗದ್ದಿ’ ಅಂತ ಇನ್ನೊಂದು ಚಿಕ್ಕ ಟೊಂಗೆ, ತುದಿಗೆ ‘ಕಿತ್ತೂರು, 1824’.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮಕ್ಕಳು ಜಾಸ್ತಿ ಜಾರುವ ಜಾಗ ಇದು. ದತ್ತಕ ಅಂದ ಕೂಡಲೇ ನಿಮ್ಮ ತಲೆಗೆ ಯಾರ ಹೆಸರು ಬಂತು? ಕೇಳಿಸಿತು, ಡಾಲ್‌ಹೌಸಿ. ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿ ಅಂದರೆ ಡಾಲ್‌ಹೌಸಿ ಅಂತ ಬಾಯಿಪಾಠ ಆಗಿದೆ. ಆದರೆ ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಕಿತ್ತೂರಿನ ಯುದ್ಧ ಮುಗಿದು ಇಪ್ಪತ್ತಕ್ಕೂ ಹೆಚ್ಚು ವರ್ಷ ಆಗಿತ್ತು. ‘ಡಾಲ್‌ಹೌಸಿಯ ನೀತಿಯ ವಿರುದ್ಧ ಚೆನ್ನಮ್ಮ ಹೋರಾಡಿದಳು’ ಅಂತ ಬರೆದರೆ ಅದು ತಪ್ಪು. ದತ್ತಕ ತಿರಸ್ಕರಿಸುವ ಅಭ್ಯಾಸ ಕಂಪನಿಗೆ ಮೊದಲೇ ಇತ್ತು, ಡಾಲ್‌ಹೌಸಿ ಅದನ್ನು ಎಲ್ಲ ಕಡೆ ಹರಡಿದ. ಹೆಸರಿನ ಟೊಂಗೆಯಲ್ಲಿ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ವಿಷಯದ ಟೊಂಗೆಯಲ್ಲಿ ‘ಗದ್ದಿ’ಯ ಕೆಳಗೆ ಕಿತ್ತೂರು 1824 ಅಂತ ಬರೆದು, ಅದರ ಪಕ್ಕ ಡಾಲ್‌ಹೌಸಿ 1848 ಅಂತ ಬರೆಯಲು ಹೋದಾಗ ಇಸವಿಗಳೇ ನಿಮ್ಮನ್ನು ತಡೆಯುತ್ತವೆ. ಹಾಗಾಗಿ ಒಂದು ನಿಯಮ: ತುದಿಯಲ್ಲಿ ಬರೆಯುವ ಪ್ರತಿ ಹೆಸರಿಗೂ ಇಸವಿ ಅಂಟಿಕೊಂಡೇ ಇರಲಿ.

ಮೂರನೆಯ ಚಿಕ್ಕ ಟೊಂಗೆ, ಭೂಮಿ ಮತ್ತು ತೆರಿಗೆ. ಇಲ್ಲಿ ಮೂರು ಹೆಸರು ಒಟ್ಟಿಗೆ ಬಂದು ಕೂರುತ್ತವೆ. 1819ರ ಕೊಪ್ಪಳದ ವೀರಪ್ಪ, 1829-30ರ ರಾಯಣ್ಣ, 1837ರ ಅಮರ ಸುಳ್ಯ. ಪಕ್ಕ ಪಕ್ಕ ಬಂದ ಕೂಡಲೇ ವ್ಯತ್ಯಾಸ ಕಾಣುತ್ತದೆ, ನೋಡಿ. ಕೊಪ್ಪಳ ನಿಜಾಮನ ಸೀಮೆ. ಅಲ್ಲಿ ರೈತರನ್ನು ಹಿಂಡಿದ್ದು ನಿಜಾಮನ ಆಡಳಿತ, ಬ್ರಿಟಿಷರು ಅವನ ಬೆನ್ನಿಗೆ ನಿಂತು ಸೈನ್ಯ ಕಳಿಸಿದರು. ರಾಯಣ್ಣನ ವಿಷಯದಲ್ಲಿ ಅವನ ಮನೆತನದ ಇನಾಮು ಭೂಮಿಯೇ ಹೋಯಿತು, ಉಳಿದದ್ದಕ್ಕೆ ತೆರಿಗೆ ಏರಿತು. ಸುಳ್ಯ, ಪುತ್ತೂರಿನ ಕಡೆ ತೆರಿಗೆ ಎಷ್ಟು ಅನ್ನುವುದಕ್ಕಿಂತ ಹೇಗೆ ಕೊಡಬೇಕು ಅನ್ನೋದು ಸಮಸ್ಯೆ ಆಯಿತು. ಕೊಡಗಿನ ಅರಸನ ಕಾಲದಲ್ಲಿ ಬೆಳೆದ ದವಸವನ್ನೇ ಕೊಟ್ಟರೆ ನಡೆಯುತ್ತಿತ್ತು. 1834ರಲ್ಲಿ ಅರಸನನ್ನು ಇಳಿಸಿ, ಆ ಸೀಮೆಯನ್ನು ದಕ್ಷಿಣ ಕನ್ನಡಕ್ಕೆ ಸೇರಿಸಿದ ಮೇಲೆ ಕಂಪನಿ ನಗದು ಕೇಳಿತು. ರೈತನ ಕೈಯಲ್ಲಿ ಭತ್ತ ಇದೆ, ದುಡ್ಡಿಲ್ಲ. ದುಡ್ಡಿಗೆ ಸಾಹುಕಾರನ ಹತ್ತಿರ ಹೋಗಬೇಕು. ಪುಟ್ಟಬಸಪ್ಪ ಜನರಿಗೆ ಕೊಟ್ಟ ಮಾತು ಏನು ಗೊತ್ತಾ? ಹೊಗೆಸೊಪ್ಪಿನ ತೆರಿಗೆ, ಉಪ್ಪಿನ ತೆರಿಗೆ ರದ್ದು. ಜನ ಅವನ ಹಿಂದೆ ಹೋದದ್ದು ಯಾಕೆ ಅಂತ ಈಗ ಬೇರೆ ವಿವರಣೆ ಬೇಕಾ?

ಇಷ್ಟು ಹೇಳುವಷ್ಟರಲ್ಲಿ ಎರಡನೇ ಸಾಲಿನ ಹುಡುಗಿ ಕೈ ಎತ್ತಿದಳು. “ಟೀಚರ್, ರಾಯಣ್ಣನ್ನ ಗದ್ದಿಗೂ ಹಾಕಬಹುದು, ಭೂಮಿಗೂ ಹಾಕಬಹುದು. ಎಲ್ಲಿ ಹಾಕೂದ್ರಿ?”

ಒಳ್ಳೇ ಪ್ರಶ್ನೆ ಕೇಳಿದಿ, ತಂಗಿ. ಎರಡೂ ಕಡೆ ಹಾಕು. ರಾಯಣ್ಣ ಕಿತ್ತೂರಿನ ಸೇವೆಯಲ್ಲಿದ್ದವನು. ದತ್ತಕ ಪುತ್ರ ಶಿವಲಿಂಗಪ್ಪನನ್ನು ಗದ್ದಿಗೆ ಕೂರಿಸಬೇಕು ಅಂತಲೇ ಎದ್ದವನು. ಭೂಮಿಯ ಸಿಟ್ಟೂ ಇತ್ತು. ಹಾಗಾಗಿ ‘ಗದ್ದಿ’ಯಲ್ಲಿ ಕಿತ್ತೂರಿನ ಪಕ್ಕ ಒಮ್ಮೆ, ‘ಭೂಮಿ’ಯಲ್ಲಿ ಒಮ್ಮೆ ಬರೆದು, ನಡುವೆ ಚುಕ್ಕಿ ಗೆರೆ ಎಳೆ. ಒಂದು ಹೆಸರು ಒಂದೇ ಕಡೆ ಬರಬೇಕು ಅನ್ನೋ ಕಟ್ಟುಪಾಡು ಇಲ್ಲ. ಎರಡು ಕಡೆ ಬಂದದ್ದೇ ಮುಖ್ಯ. ಕಿತ್ತೂರಿನ ಹೋರಾಟ 1824ರಲ್ಲಿ ಗದ್ದಿಗಾಗಿ ಶುರುವಾಗಿ, ಐದಾರು ವರ್ಷದಲ್ಲಿ ರೈತರ ಹೊಲದ ತನಕ ಬಂತು ಅನ್ನೋದು ಆ ಒಂದು ಚುಕ್ಕಿ ಗೆರೆಯಲ್ಲಿ ಇದೆ. ‘ರಾಯಣ್ಣ ಚೆನ್ನಮ್ಮನ ಬಲಗೈ ಬಂಟ’ ಅಂತ ಒಂದೇ ಸಾಲು ಬರೆಯುವವರಿಗೆ ಇದು ಸಿಗುವುದಿಲ್ಲ.

ನಾಲ್ಕನೆಯದು ಆಯುಧ. ಹಲಗಲಿ, 1857. ಆ ವರ್ಷ ಉತ್ತರದಲ್ಲಿ ದಂಗೆ ಎದ್ದಿತ್ತು. ಜನರ ಹತ್ತಿರ ಆಯುಧ ಇರಬಾರದು, ಇಟ್ಟುಕೊಳ್ಳಬೇಕಾದರೆ ಪರವಾನಗಿ ಬೇಕು ಅಂತ ಕಂಪನಿ ಸರ್ಕಾರ ಕಾನೂನು ತಂತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಬೇಟೆಯವರು. ಮನೆಯಲ್ಲಿ ಆಯುಧ ಇರೋದು ಅವರಿಗೆ ಹೊಟ್ಟೆಪಾಡೂ ಹೌದು, ಮರ್ಯಾದೆಯೂ ಹೌದು. ಕೊಡುವುದಿಲ್ಲ ಅಂದರು. ಇವರ ಲಾವಣಿ ನಿಮ್ಮ ಅಜ್ಜಂದಿರಲ್ಲಿ ಕೆಲವರಾದರೂ ಕೇಳಿರುತ್ತಾರೆ. ಮನೆಗೆ ಹೋಗಿ ಕೇಳಿ, ಹಾಡಿದರೆ ಹಾಳೆ ಪಕ್ಕಕ್ಕಿಟ್ಟು ಕೂತು ಕೇಳಿ.

ಉಳಿದದ್ದು ಸುರಪುರ. ವೆಂಕಟಪ್ಪ ನಾಯಕ, 1858. ಇವನು ಏನು ಕಳೆದುಕೊಂಡ? ಗದ್ದಿ ಇತ್ತು, ಅವನೇ ಅರಸ. ದತ್ತಕದ ಜಗಳ ಇಲ್ಲ. ಭೂಮಿ ತೆರಿಗೆಯೂ ಅಲ್ಲ. ನಾನಾ ಸಾಹೇಬನ ಕಡೆಯವರು ಸುರಪುರಕ್ಕೆ ಬಂದಿದ್ದಾರೆ ಅಂತ ಬ್ರಿಟಿಷರಿಗೆ ಅನುಮಾನ. ಅವನ ಆಡಳಿತದ ಮೇಲೆ ಕಣ್ಣಿಡಲು ಕ್ಯಾಂಪ್‌ಬೆಲ್ ಎಂಬ ಅಧಿಕಾರಿಯನ್ನು ಕಳಿಸಿದರು. ಇದು ನಮ್ಮ ನಾಲ್ಕು ಚಿಕ್ಕ ಟೊಂಗೆಯಲ್ಲಿ ಎಲ್ಲೂ ಸರಿಯಾಗಿ ಕೂರುವುದಿಲ್ಲ. ಇಂಥ ಹೊತ್ತಲ್ಲಿ ಮಕ್ಕಳು ಎರಡರಲ್ಲಿ ಒಂದು ಮಾಡುತ್ತಾರೆ. ಒಂದೋ ‘ಗದ್ದಿ’ಯೊಳಗೆ ನೂಕುತ್ತಾರೆ, ಇಲ್ಲವೇ ‘ಇತರೆ’ ಅಂತ ಟೊಂಗೆ ಮಾಡುತ್ತಾರೆ. ಎರಡೂ ಬೇಡ. ‘ಇತರೆ’ ಅನ್ನೋದು ಮನೆಯ ಅಟ್ಟ ಇದ್ದ ಹಾಗೆ, ಅಲ್ಲಿಗೆ ಹಾಕಿದ್ದು ಮತ್ತೆ ಕೈಗೆ ಸಿಗಲ್ಲ. ಸದ್ಯಕ್ಕೆ ಹಾಳೆಯ ಮೂಲೆಯಲ್ಲಿ ಪೆನ್ಸಿಲ್‌ನಿಂದ ‘ಸುರಪುರ, 1858?’ ಅಂತ ಬರೆದು ಬಿಡಿ. ಅದಕ್ಕೆ ಜಾಗ ಆಮೇಲೆ ಸಿಗುತ್ತದೆ.

ಎರಡನೆಯ ದೊಡ್ಡ ಟೊಂಗೆ, ಯಾರು ಜೊತೆಗೆ ನಿಂತರು. ಇದರಲ್ಲಿ ಬೇಗ ಬೇಗ ಹೋಗೋಣ. ಅರಸು ಮನೆತನದ ನಾಯಕತ್ವ ಕಿತ್ತೂರು, ಸುರಪುರದಲ್ಲಿ. ನೌಕರಿ ಹೋದ ಸೈನಿಕರು ಧೋಂಡಿಯಾನ ಹಿಂದೆ. ರೈತರು ಅಮರ ಸುಳ್ಯದಲ್ಲಿ. ಒಂದು ಊರಿನ ಸಮುದಾಯವೇ ನಿಂತದ್ದು ಹಲಗಲಿಯಲ್ಲಿ. ರಾಯಣ್ಣನ ಜೊತೆ ರೈತರೂ ಇದ್ದರು, ಕಿತ್ತೂರಿನ ಹಳೆಯ ಸೈನಿಕರೂ ಇದ್ದರು, ಸಿದ್ದಿ ಜನಾಂಗದ ಗಜವೀರನೂ ಇದ್ದ. ಅಷ್ಟೇ.

ಮೂರನೆಯದು, ಹೇಗೆ ಹೋರಾಡಿದರು. ಇಲ್ಲಿ ಎರಡು ಚಿಕ್ಕ ಟೊಂಗೆ ಸಾಕು: ಕೋಟೆಯೊಳಗಿಂದ, ಓಡಾಡಿಕೊಂಡು. ಕೋಟೆಯ ಕಡೆ ಕಿತ್ತೂರು, ಕೊಪ್ಪಳ, ಸುರಪುರ. ಓಡಾಡುವ ಕಡೆ ಧೋಂಡಿಯಾ, ರಾಯಣ್ಣ, ಪುಟ್ಟಬಸಪ್ಪ. ಹಲಗಲಿ ತನ್ನ ಊರಲ್ಲೇ ಕಾದಿತು. ಅದನ್ನು ಕೋಟೆಯ ಪಕ್ಕವೇ ಬರೆಯಿರಿ, ಆದರೆ ಅಲ್ಲಿ ಕೋಟೆ ಇರಲಿಲ್ಲ ಅಂತ ಗುರುತು ಹಾಕಿ.

ಧೋಂಡಿಯಾನ ಬೆನ್ನು ಹತ್ತಿದವನು ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದನಲ್ಲ, ಅವನೇ. 1800ರ ಜುಲೈ ಕೊನೆಗೆ ಮಲಪ್ರಭೆಯ ದಡದ ಮುನವಳ್ಳಿ ಹತ್ತಿರ ಧೋಂಡಿಯಾನ ದಂಡಿನ ಮೇಲೆ ಬಿದ್ದ. ಬಹಳ ಜನ ಹೊಳೆ ಪಾಲಾದರು. ನಿಮ್ಮಲ್ಲಿ ಸವದತ್ತಿ ಕಡೆಯವರು ಇದ್ದರೆ ಆ ಹೊಳೆ ನಿಮಗೆ ಗೊತ್ತು. ಪರೀಕ್ಷೆಗೆ ಇದು ಬೇಕಾಗಿಲ್ಲ, ಸುಮ್ನೆ ಹೇಳಿದೆ.

ರಾಯಣ್ಣನ ಎಲೆಯ ಮೇಲೆ ಮಾತ್ರ ಒಂದು ವಿವರ ಬಿಡದೆ ಬರೆಯಿರಿ. ಅವನು ಬೀಡಿ, ಸಂಪಗಾವಿ ಕಡೆ ಸರ್ಕಾರಿ ಕಚೇರಿಗಳಿಗೆ ಬೆಂಕಿ ಹಾಕಿಸಿದ, ಭೂಮಿಯ ದಾಖಲೆಗಳನ್ನು ಸುಡಿಸಿದ. ಕಾಗದ ಯಾಕೆ ಸುಟ್ಟ? ಯಾರ ಹೊಲ ಯಾರದು, ಯಾರು ಎಷ್ಟು ತೆರಿಗೆ ಕೊಡಬೇಕು ಅನ್ನೋದು ಆ ಕಾಗದದಲ್ಲೇ ಇತ್ತು. ಮೊದಲ ಟೊಂಗೆಯ ‘ಭೂಮಿ’ಯಿಂದ ಇಲ್ಲಿಗೆ ಒಂದು ಬಾಣ ಎಳೆಯಿರಿ. ಏನು ಕಳೆದುಕೊಂಡರು ಅನ್ನೋದಕ್ಕೂ ಎಲ್ಲಿ ಹೊಡೆದರು ಅನ್ನೋದಕ್ಕೂ ನೇರ ಸಂಬಂಧ ಇದೆ. ಇಡೀ ಮ್ಯಾಪಿನಲ್ಲಿ ಇಂಥ ಎರಡು ಮೂರು ಬಾಣ ಸಿಕ್ಕರೆ ಸಾಕು. ಹತ್ತು ಹನ್ನೆರಡು ಬಾಣ ಎಳೆದರೆ ಹಾಳೆ ಜೇಡರ ಬಲೆ ಆಗಿ ಏನೂ ಕಾಣದು.

ನಾಲ್ಕನೆಯದು, ಹೇಗೆ ಮುಗಿಯಿತು. ಎಲ್ಲರಿಗೂ ‘ಗಲ್ಲು’ ಅಂತ ಬರೆಯುವ ಚಟ ಇಲ್ಲಿಯೇ ಬಿಡಬೇಕು. ಇಲ್ಲಿ ಊರಿನ ಹಿಡಿಕೆ ಕೆಲಸಕ್ಕೆ ಬರುತ್ತದೆ. ಪ್ರತಿ ಹೆಸರಿಗೂ ಊರು, ಇಸವಿ ಎರಡೂ ಸೇರಿಸಿ. ಧೋಂಡಿಯಾಗೆ ಗಲ್ಲು ಆಗಲಿಲ್ಲ, 1800ರ ಸೆಪ್ಟೆಂಬರ್‌ನಲ್ಲಿ ಕೋನಗಲ್ಲಿನ ಯುದ್ಧದಲ್ಲೇ ಸತ್ತ. ಚೆನ್ನಮ್ಮನಿಗೂ ಗಲ್ಲು ಇಲ್ಲ. 1824ರ ಅಕ್ಟೋಬರ್ 23ರ ಕಾಳಗದಲ್ಲಿ ಗೆದ್ದಳು, ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯ ಬಂತು, ಕೋಟೆ ಬಿತ್ತು. ಇಲ್ಲಿ ಬೈಲಹೊಂಗಲದಲ್ಲಿ ಸೆರೆ, 1829ರಲ್ಲಿ ಸೆರೆಯಲ್ಲೇ ಸಾವು. ರಾಯಣ್ಣನಿಗೆ ಗಲ್ಲು, ನಂದಗಡ, 1831. ಹಲಗಲಿಯವರಿಗೆ ಗಲ್ಲು, ಮುಧೋಳದಲ್ಲೂ ಹಲಗಲಿಯಲ್ಲೂ, 1857ರ ಡಿಸೆಂಬರ್. ‘ಕಾಳಗದಲ್ಲಿ’, ‘ಸೆರೆಯಲ್ಲಿ’, ‘ಗಲ್ಲು’ ಅಂತ ಮೂರು ಚಿಕ್ಕ ಟೊಂಗೆ ಮಾಡಿದರೆ ಎಲ್ಲರೂ ಬೇರೆ ಬೇರೆ ಆಗಿ ನಿಲ್ಲುತ್ತಾರೆ.

ಈಗ ಈ ಮ್ಯಾಪಿಗೆ ಇರುವ ದೊಡ್ಡ ಕೊರತೆ ಹೇಳಬೇಕು. ವಿಷಯದ ಪ್ರಕಾರ ಕಟ್ಟಿದ ಕೂಡಲೇ ಕಾಲದ ಸಾಲು ಒಡೆದು ಹೋಗುತ್ತದೆ. ಧೋಂಡಿಯಾ, ಹಲಗಲಿ ಒಂದೇ ಟೊಂಗೆಯಲ್ಲಿ ಅಕ್ಕಪಕ್ಕ ಕೂತಿದ್ದಾರೆ, ನಡುವೆ ಐವತ್ತೇಳು ವರ್ಷ ಇದೆ ಅನ್ನೋದು ಕಣ್ಣಿಗೆ ಬೀಳಲ್ಲ. ಇತಿಹಾಸದ ಪಾಠಕ್ಕೆ ಇದು ಸಣ್ಣ ವಿಷಯ ಅಲ್ಲ. ಅದಕ್ಕೆ ಹಾಳೆಯ ಕೆಳಗಡೆ ಎರಡು ಬೆರಳು ಅಗಲದ ಜಾಗ ಬಿಟ್ಟುಕೊಳ್ಳಿ. ಸ್ಕೇಲ್ ಇಟ್ಟು ಒಂದು ಅಡ್ಡ ಗೆರೆ ಎಳೆಯಿರಿ. ಹತ್ತು ವರ್ಷಕ್ಕೆ ಇಷ್ಟು ಸೆಂಟಿಮೀಟರ್ ಅಂತ ಅಳತೆ ಇರಲಿ, ಅಂದಾಜಿಗೆ ಹಾಕಬೇಡಿ. 1800, 1819, 1824, 1829-30, 1837, 1857, 1858 ಅಂತ ಗುರುತು ಮಾಡಿ.

ಅಳತೆ ಇಟ್ಟು ಹಾಕಿದರೆ ಒಂದು ವಿಷಯ ತಾನಾಗಿ ಕಾಣುತ್ತದೆ. 1837 ಆದ ಮೇಲೆ ನಮ್ಮ ಗೆರೆಯಲ್ಲಿ ಇಪ್ಪತ್ತು ವರ್ಷ ಖಾಲಿ. ಆಮೇಲೆ ಹಲಗಲಿ, ಸುರಪುರ ಒಂದಕ್ಕೊಂದು ತಾಗಿಕೊಂಡಿವೆ. ಒಂದು 1857ರ ನವೆಂಬರ್, ಇನ್ನೊಂದು 1858ರ ಫೆಬ್ರವರಿ. ಯಾಕೆ? ಉತ್ತರ ಭಾರತದ ದಂಗೆಯಿಂದ ಕಂಪನಿ ಬೆಚ್ಚಿತ್ತು. ಆ ಭಯದಲ್ಲೇ ಆಯುಧ ಕೇಳಿತು, ಅದು ಹಲಗಲಿ. ಆ ಭಯದಲ್ಲೇ ಅರಸನನ್ನು ಅನುಮಾನಿಸಿತು, ಅದು ಸುರಪುರ. ಈಗ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದ ಸುರಪುರವನ್ನು ನೋಡಿ. ಅದರ ಜಾಗ ಸಿಕ್ಕಿತು. ಮೊದಲ ಟೊಂಗೆಯಲ್ಲಿ ‘ಆಯುಧ’ ಅಂತ ಬರೆದದ್ದನ್ನು ‘1857ರ ಭಯ’ ಅಂತ ಅಗಲ ಮಾಡಿ, ಅದರ ಕೆಳಗೆ ‘ಆಯುಧ: ಹಲಗಲಿ’, ‘ಸ್ವಾತಂತ್ರ್ಯ: ಸುರಪುರ’ ಅಂತ ಎರಡು ಎಲೆ ಹಾಕಿ. ಟೊಂಗೆಯ ಹೆಸರು ನಡುವೆ ಬದಲಾಗಬಹುದು. ಅದಕ್ಕೇ ಮೊದಲ ಸಲ ಪೆನ್ಸಿಲ್, ಸ್ಕೆಚ್ ಪೆನ್ ಆಮೇಲೆ ಅಂತ ನಾನು ಹೇಳೋದು.

ಪಾಲಕರೊಬ್ಬರು ಕೇಳಿದರು, “ಇಷ್ಟೆಲ್ಲಾ ಬರೆಯೋ ಬದಲು ಎರಡು ಸಲ ಓದಿದ್ರೆ ಆಗೂದಿಲ್ಲೇನ್ರಿ?”

ಅವರ ಅನುಮಾನದಲ್ಲಿ ಅರ್ಧ ಸತ್ಯ ಇದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಜೆಫ್ರಿ ಕಾರ್ಪಿಕ್, ಜಾನೆಲ್ ಬ್ಲಂಟ್ ಎಂಬ ಇಬ್ಬರು ಸಂಶೋಧಕರು 2011ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಅದರಲ್ಲಿ ಕೆಲವು ವಿದ್ಯಾರ್ಥಿಗಳು ಪಾಠ ಎದುರಿಗಿಟ್ಟುಕೊಂಡು ಪರಿಕಲ್ಪನೆಗಳ ನಕ್ಷೆ ಬರೆದರು. ಅದು ಮೈಂಡ್ ಮ್ಯಾಪಿನ ಹತ್ತಿರದ ಸಂಬಂಧಿ. ಇನ್ನು ಕೆಲವರು ಪಾಠ ಮುಚ್ಚಿ, ನೆನಪಾದದ್ದನ್ನು ಬರೆದರು, ಮತ್ತೆ ಓದಿ ಮತ್ತೆ ಬರೆದರು. ಒಂದು ವಾರ ಬಿಟ್ಟು ಪರೀಕ್ಷೆ ಕೊಟ್ಟಾಗ ಮುಚ್ಚಿ ಬರೆದವರೇ ಮುಂದೆ ಇದ್ದರು. ಅಂದರೆ ಪುಸ್ತಕ ತೆರೆದಿಟ್ಟು, ನೋಡಿ ನೋಡಿ ಮ್ಯಾಪ್ ಬಿಡಿಸಿದರೆ ಅದು ಬಣ್ಣದ ಕಾಪಿ ಬರೆಯುವ ಕೆಲಸ. ಜಾಸ್ತಿ ಸಿಗಲ್ಲ.

ಹಾಗಾಗಿ ಕ್ರಮ ಹೀಗಿರಲಿ. ಪಾಠ ಒಮ್ಮೆ ಓದಿ, ಪುಸ್ತಕ ಮುಚ್ಚಿ ಬೇರೆ ಕೋಣೆಯಲ್ಲಿ ಇಟ್ಟು ಬನ್ನಿ. ಪೆನ್ಸಿಲ್‌ನಲ್ಲಿ ನಾಲ್ಕು ಟೊಂಗೆ ಹಾಕಿ, ನೆನಪಾದಷ್ಟು ತುಂಬಿಸಿ. ಇಪ್ಪತ್ತು ನಿಮಿಷ ಸಾಕು. ಖಾಲಿ ಉಳಿದ ಜಾಗ ಖಾಲಿಯೇ ಇರಲಿ. ಆಮೇಲೆ ಪುಸ್ತಕ ತಂದು, ಕೆಂಪು ಪೆನ್ನಿನಿಂದ ಬಿಟ್ಟದ್ದನ್ನು ಸೇರಿಸಿ, ತಪ್ಪನ್ನು ತಿದ್ದಿ. ಕೆಂಪಾಗಿ ಕಾಣುವುದಷ್ಟೇ ನೀವು ಮತ್ತೆ ಓದಬೇಕಾದದ್ದು. ಎರಡು ಮೂರು ದಿನ ಬಿಟ್ಟು ಹೊಸ ಹಾಳೆಯಲ್ಲಿ ಮತ್ತೆ ಬರೆಯಿರಿ. ಎರಡನೇ ಹಾಳೆಯಲ್ಲಿ ಕೆಂಪು ಅದೇ ಜಾಗದಲ್ಲಿ ಮತ್ತೆ ಬಂದರೆ ಅಲ್ಲಿ ಟೊಂಗೆಯೇ ಸರಿ ಇಲ್ಲ ಅಂತ ತಿಳಿಯಿರಿ. ಬಹಳ ಸಲ ಅದು ಒಂದೇ ಎಲೆ ಇರುವ ಟೊಂಗೆ ಆಗಿರುತ್ತದೆ, ಇಲ್ಲವೇ ‘ಪರಿಣಾಮ’, ‘ಮಹತ್ವ’ ಅಂತ ಏನು ಬೇಕಾದರೂ ಹಾಕಬಹುದಾದ ಟೊಂಗೆ ಆಗಿರುತ್ತದೆ.

ಟೊಂಗೆ ಸರಿ ಇದೆಯಾ ಅಂತ ನೋಡೋಕೆ ಇನ್ನೊಂದು ಸುಲಭ ಪರೀಕ್ಷೆ ಇದೆ. ಒಂದು ಎಲೆಯನ್ನು ಬೆರಳಿನಿಂದ ಎತ್ತಿ ಬೇರೆ ಟೊಂಗೆಗೆ ಇಟ್ಟ ಹಾಗೆ ಊಹಿಸಿ. ಯಾರಿಗೂ ಗೊತ್ತೇ ಆಗದ ಹಾಗೆ ಅಲ್ಲಿ ಕೂತರೆ, ಆ ಎರಡು ಟೊಂಗೆ ನಿಜವಾಗಿ ಬೇರೆ ಬೇರೆ ಅಲ್ಲ. ಒಂದು ಮಾಡಿಬಿಡಿ.

ಇನ್ನು ಪರೀಕ್ಷೆಯ ಪ್ರಶ್ನೆ ಹೆಸರಿನ ಮೇಲೇ ಬರುತ್ತದಲ್ಲ ಅನ್ನೋ ಮಾತು. ‘ಕಿತ್ತೂರಿನ ಹೋರಾಟವನ್ನು ವಿವರಿಸಿ’ ಅಂತಲೇ ಕೇಳುತ್ತಾರೆ, ಹೌದು. ಮಾಡಬೇಕಾದದ್ದು ಇಷ್ಟೇ: ಮನಸ್ಸಿನಲ್ಲಿ ಮ್ಯಾಪ್ ತೆರೆದು, ನಾಲ್ಕೂ ಟೊಂಗೆಯಿಂದ ಕಿತ್ತೂರಿನ ಎಲೆಯನ್ನು ಒಂದೊಂದಾಗಿ ಕಿತ್ತುಕೊಳ್ಳಿ. ಏನು ಕಳೆದುಕೊಂಡರು: ಶಿವಲಿಂಗರುದ್ರ ಸರ್ಜ ತೀರಿಕೊಂಡ, ಥ್ಯಾಕರೆ ದತ್ತಕ ಒಪ್ಪಲಿಲ್ಲ, ಖಜಾನೆಗೆ ಮೊಹರು. ಯಾರು: ರಾಣಿ ಚೆನ್ನಮ್ಮ, ಅಮಟೂರ ಬಾಳಪ್ಪ, ಸಂಗೊಳ್ಳಿ ರಾಯಣ್ಣ. ಹೇಗೆ: ಕೋಟೆಯಿಂದ ಕಾಳಗ, ಅಕ್ಟೋಬರ್ 23ರಂದು ಥ್ಯಾಕರೆಯ ಸಾವು. ಮುಗಿದದ್ದು: ಡಿಸೆಂಬರ್‌ನಲ್ಲಿ ಕೋಟೆ ಬಿತ್ತು, ಬೈಲಹೊಂಗಲದ ಸೆರೆ, 1829. ಉತ್ತರ ತಾನಾಗಿಯೇ ಸಾಲಾಗಿ ನಿಲ್ಲುತ್ತದೆ. ‘ರಾಯಣ್ಣನ ಹೋರಾಟಕ್ಕೂ ಹಲಗಲಿಯ ಹೋರಾಟಕ್ಕೂ ವ್ಯತ್ಯಾಸ ಏನು’ ಅಂತ ಕೇಳಿದರೂ ಅದೇ ದಾರಿ, ಎರಡೆರಡು ಎಲೆ ಕಿತ್ತರೆ ಆಯಿತು. ಹೆಸರಿನ ಟೊಂಗೆ ಮಾಡಿದವರು ಮೊದಲನೆಯದಕ್ಕೆ ಹೇಗೋ ಬರೆಯುತ್ತಾರೆ, ಎರಡನೆಯದಕ್ಕೆ ಕೂತು ಪೆನ್ನು ಕಚ್ಚುತ್ತಾರೆ.

ಕೊನೆಗೆ ಎಂಟನೇ ತರಗತಿಯ ತಮ್ಮನನ್ನು ಕರೆದುಕೊಂಡು ಬಂದ ಒಬ್ಬ ಹುಡುಗ ಕೇಳಿದ, “ಟೀಚರ್, ಇವನ ಬಾದಾಮಿ ಚಾಲುಕ್ಯರ ಪಾಠಕ್ಕೂ ಇವೇ ನಾಲ್ಕು ಟೊಂಗಿ ಹಾಕಬಹುದೇನ್ರಿ?”

ಬೇಡ. ಅಲ್ಲಿ ಯಾರೂ ಏನೂ ಕಳೆದುಕೊಂಡು ದಂಗೆ ಏಳುತ್ತಿಲ್ಲ. ಟೊಂಗೆ ಪ್ರತಿ ಸಲ ಆ ಪಾಠದೊಳಗಿಂದಲೇ ಬರಬೇಕು. ಚಾಲುಕ್ಯರಿಗೆ ‘ಯಾರ ಜೊತೆ ಯುದ್ಧ’, ‘ಏನು ಕಟ್ಟಿದರು’, ‘ಏನು ಬರೆಸಿದರು’ ಅಂತ ಮೂರರಿಂದ ಶುರು ಮಾಡಲಿ. ಆ ಪಾಠದಲ್ಲಿ ಬರುವ ತೊಡಕೇ ಬೇರೆ. ಐಹೊಳೆಯ ಮೇಗುಟಿ ಗುಡಿ ತಗೋ. ಅದು ಕಟ್ಟಡ. ಅದರ ಗೋಡೆಯಲ್ಲಿ 634ರ ರವಿಕೀರ್ತಿಯ ಸಂಸ್ಕೃತ ಶಾಸನ ಇದೆ, ಹಾಗಾಗಿ ಬರಹ. ಆ ಶಾಸನ ಇಮ್ಮಡಿ ಪುಲಿಕೇಶಿ ಹರ್ಷನನ್ನು ತಡೆದದ್ದನ್ನು ಹೇಳುತ್ತದೆ, ಹಾಗಾಗಿ ಯುದ್ಧ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯೂ ಹಾಗೇ. ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದದ್ದರ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಕಟ್ಟಡವೂ ಹೌದು, ಯುದ್ಧವೂ ಹೌದು. ಇಂಥ ಎಲೆಗಳನ್ನು ಒಂದು ಕಡೆ ಪೂರ್ತಿ ಬರೆದು, ಉಳಿದ ಕಡೆ ಬರೀ ಊರಿನ ಹೆಸರು ಹಾಕಿ ಚುಕ್ಕಿ ಗೆರೆಯಿಂದ ಕೂಡಿಸಲಿ. ಪೂರ್ತಿ ಯಾವ ಕಡೆ ಬರೆಯಬೇಕು ಅಂತ ಅವನೇ ಯೋಚನೆ ಮಾಡಲಿ, ನೀನು ಹೇಳಿಕೊಡಬೇಡ.